ಕನ್ನಡದಲ್ಲಿ ಬರೆದ ಸ್ಕ್ರಿಪ್ಟ್‌ನಲ್ಲಿ ಪಾತ್ರ, ಮಾತು, ವಿವರಣೆ ಎಲ್ಲಾ ಕಲಸಿಹೋಗುತ್ತಿದೆ, ಎಲ್ಲಿ ತಪ್ಪು?

ಕಬ್ಬಿನಗದ್ದೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ಒಂದು ಕಿರುಚಿತ್ರಕ್ಕೆ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ, ಇದೇ ಮೊದಲು. ಕಥೆ ನಡೆಯುವುದು ನಮ್ಮೂರ ಆಲೆಮನೆಯಲ್ಲಿ. ಫೌಂಟನ್ ಪದ್ಧತಿಯಲ್ಲಿ ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ ಟೈಪ್ ಮಾಡಿ ಆಪ್‌ನಲ್ಲಿ ಪಿಡಿಎಫ್ ತೆಗೆಯುತ್ತೇನೆ. ಆದರೆ ವಿವರಣೆಯ ಮೊದಲ ಸಾಲು ಪುಟದ ನಡುವೆ ಹೋಗಿ ಪಾತ್ರದ ಹೆಸರಿನ ಜಾಗದಲ್ಲಿ ಕೂರುತ್ತಿದೆ. ಅದರ ಕೆಳಗಿನ ಸಾಲು ಮಾತಿನ ಹಾಗೆ ಬರುತ್ತಿದೆ. ನಿಜವಾದ ಮಾತು ಮಾತ್ರ ಎಡಗಡೆ ವಿವರಣೆಯ ಜೊತೆ ಸೇರಿಕೊಂಡಿದೆ. ದೃಶ್ಯಗಳ ಪಟ್ಟಿ ಪೂರ್ತಿ ಖಾಲಿ. ಇದೇ ಫೈಲನ್ನು ಗೆಳತಿಯ ಫೋನಿನಲ್ಲಿ ತೆರೆದರೆ ಎಲ್ಲವೂ ಎಡಗಡೆಗೇ ಇದೆ. ಫೈಲ್‌ನ ಒಂದು ತುಂಡು ಇಲ್ಲಿದೆ.

```
ಆಲೆಮನೆ ಒಳಗೆ, ರಾತ್ರಿ

ಒಲೆಯ ಬೆಂಕಿ ಕಡಿಮೆಯಾಗಿದೆ.
ಸಿದ್ದಪ್ಪ ಹಳೆಯ ದಿನಗಳನ್ನು ನೆನೆದು ಬೇಸರದಲ್ಲಿದ್ದಾನೆ. ಎದ್ದು ಹೊರಗೆ ಬಂದು ಟ್ರ್ಯಾಕ್ಟರ್ ಹತ್ತಿರ ನಿಲ್ಲುತ್ತಾನೆ.

ಸಿದ್ದಪ್ಪ: ಬೆಲ್ಲದ ರೇಟು ಬಿದ್ದೋಯ್ತಂತೆ ಕಣ್ಲಾ.

ಕಟ್ ಟು
```

ಆಪ್ ಬದಲಿಸಬೇಕಾ, ಇಲ್ಲಾ ನಾನು ಬರೆಯುವ ರೀತಿಯೇ ತಪ್ಪಾ?

ಸಯ್ಯಾಜಿರಾವ್‌ರಸ್ತೆ (ಮೈಸೂರು)

ಸುಲಭ ಮೇಡಂ. ಪಾತ್ರದ ಹೆಸರು, ದೃಶ್ಯದ ತಲೆಸಾಲು, ಕಟ್ ಟು, ಇಷ್ಟನ್ನೂ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆಯಿರಿ. ಆಪ್ ಗುರುತಿಸುವುದು ದೊಡ್ಡಕ್ಷರವನ್ನೇ. ಕನ್ನಡದಲ್ಲಿ ಬರೆದರೆ ಯಾವ ಆಪೂ ಸರಿ ಮಾಡಲ್ಲ. ಪ್ರತಿ ದೃಶ್ಯದ ಕೊನೆಗೆ ಕಟ್ ಟು ಮರೆಯಬೇಡಿ, ಅದು ಇಲ್ಲದಿದ್ದರೆ ದೃಶ್ಯ ಮುಗಿದಿದ್ದು ಎಡಿಟರ್‌ಗೆ ಗೊತ್ತಾಗಲ್ಲ.

ಕ್ಲಾಪ್‌ಬೋರ್ಡ್ (ಮೈಸೂರು)

ಸಹನಿರ್ದೇಶನದ ಕೆಲಸ ಮಾಡುತ್ತೇನೆ, ಶೂಟಿಂಗ್ ಶೆಡ್ಯೂಲ್ ಹಾಕುವುದು ನನ್ನ ಪಾಲು. ಮೇಲಿನವರು ಕಾರಣ ಸರಿಯಾಗಿ ಹಿಡಿದಿದ್ದಾರೆ. ಪರಿಹಾರ ಮಾತ್ರ ಅಷ್ಟು ದೂರ ಹೋಗಬೇಕಿಲ್ಲ.

ಫೌಂಟನ್‌ನಲ್ಲಿ ಪಾತ್ರದ ಹೆಸರು ಅಂದರೆ ಪೂರ್ತಿ ದೊಡ್ಡಕ್ಷರದ ಒಂದು ಸಾಲು. ಅದರ ಮೇಲೆ ಒಂದು ಖಾಲಿ ಸಾಲು ಇರಬೇಕು, ಕೆಳಗೆ ಖಾಲಿ ಬಿಡದೆ ಮಾತು ಶುರುವಾಗಬೇಕು. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಇಲ್ಲವಲ್ಲ. ಹಾಗಾಗಿ ಕೆಲವು ಆಪ್‌ಗಳು "ಈ ಸಾಲಿನಲ್ಲಿ ಚಿಕ್ಕಕ್ಷರ ಇದೆಯಾ" ಅಂತ ನೋಡಿ, ಇಲ್ಲ ಅಂದರೆ ಹೆಸರು ಅಂದುಕೊಳ್ಳುತ್ತವೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆಗಿರುವುದು ಇದೇ ಇರಬೇಕು. ಬೆಂಕಿಯ ಸಾಲಿನ ಮೇಲೆ ಖಾಲಿ ಇದೆ, ಕೆಳಗೆ ತಕ್ಷಣ ಇನ್ನೊಂದು ಸಾಲು ಇದೆ. ಆಪ್‌ಗೆ ಅದು ಹೆಸರು ಮತ್ತು ಮಾತಿನ ಹಾಗೇ ಕಾಣುತ್ತದೆ. ಇನ್ನು ಕೆಲವು ಆಪ್‌ಗಳು "ಇಂಗ್ಲಿಷ್ ದೊಡ್ಡಕ್ಷರ ಇದೆಯಾ" ಅಂತ ಹುಡುಕುತ್ತವೆ, ಅದು ಸಿಗದೆ ಎಲ್ಲವನ್ನೂ ವಿವರಣೆ ಅಂತ ಬಿಟ್ಟುಬಿಡುತ್ತವೆ. ಗೆಳತಿಯ ಫೋನಿನದು ಆ ಜಾತಿ.

ಸಿದ್ದಪ್ಪನ ಮಾತು ಎಡಕ್ಕೆ ಬಂದಿರುವುದಕ್ಕೆ ಕಾರಣ ಬೇರೆ. ಹೆಸರು, ಮಾತು ಎರಡೂ ಒಂದೇ ಸಾಲಿನಲ್ಲಿವೆ. ನಾಟಕದ ಪುಸ್ತಕದಲ್ಲಿ ಹಾಗೆ ಬರೆಯುತ್ತೇವೆ. ಇಲ್ಲಿ ಹೆಸರು ಒಂದು ಸಾಲು, ಮಾತು ಅದರ ಕೆಳಗಿನ ಸಾಲು.

ಊಹೆಗೆ ಬಿಡದೆ ನೀವೇ ಗುರುತು ಹಾಕುವ ದಾರಿ ಫೌಂಟನ್‌ನಲ್ಲೇ ಇದೆ. ಹೆಸರಿನ ಮುಂದೆ `@` ಹಾಕಿದರೆ ಅದು ಯಾವ ಲಿಪಿಯಾದರೂ ಪಾತ್ರವೇ. ತಲೆಸಾಲು `INT.` ಅಥವಾ `EXT.` ಅಂತ ಶುರುವಾದರೆ ಮುಂದಿನದು ಕನ್ನಡದಲ್ಲಿದ್ದರೂ ನಡೆಯುತ್ತದೆ. ಪೂರ್ತಿ ಕನ್ನಡವೇ ಬೇಕು ಅಂದರೆ ಸಾಲಿನ ಮುಂದೆ ಒಂದು ಚುಕ್ಕಿ ಇಡಿ. ವಿವರಣೆಯನ್ನು ಒಂದು ಪ್ಯಾರಾ ಮುಗಿಯುವ ತನಕ ಎಂಟರ್ ಒತ್ತದೆ ಬರೆಯಿರಿ. ಆಮೇಲೂ ಆಪ್ ತಕರಾರು ಮಾಡಿದರೆ ಸಾಲಿನ ಮುಂದೆ `!` ಹಾಕಿ, ಆಗ ಅದು ವಿವರಣೆಯಾಗಿಯೇ ಉಳಿಯುತ್ತದೆ. ಈ ಗುರುತುಗಳು ಪಿಡಿಎಫ್‌ನಲ್ಲಿ ಕಾಣಲ್ಲ.

ನಿಮ್ಮ ತುಂಡನ್ನೇ ತಿದ್ದಿ ಕೊಡುತ್ತೇನೆ.

```
INT. ಆಲೆಮನೆ - ರಾತ್ರಿ

ಒಲೆಯ ಬೆಂಕಿ ಕಡಿಮೆಯಾಗಿದೆ. ಕೊಪ್ಪರಿಗೆಯಲ್ಲಿ ಪಾಕ ಗಟ್ಟಿಯಾಗುತ್ತಿದೆ. ಸಿದ್ದಪ್ಪ (60) ಕೈಯಲ್ಲಿ ರಚ್ಚು ಹಿಡಿದಿದ್ದಾನೆ, ಒಲೆಗೆ ಹಾಕುವುದಿಲ್ಲ. ಕೆಳಗಿಟ್ಟು ಎದ್ದು ಹೋಗುತ್ತಾನೆ.

EXT. ಆಲೆಮನೆ ಅಂಗಳ - ರಾತ್ರಿ

ಕಬ್ಬು ತುಂಬಿದ ಟ್ರ್ಯಾಕ್ಟರ್. ಮಂಜ (22) ಹಗ್ಗ ಬಿಚ್ಚುತ್ತಿದ್ದಾನೆ.

@ಸಿದ್ದಪ್ಪ
ಬೆಲ್ಲದ ರೇಟು ಬಿದ್ದೋಯ್ತಂತೆ ಕಣ್ಲಾ.

ಮಂಜನ ಕೈ ನಿಲ್ಲುತ್ತದೆ.
```

ನಾನು ಬದಲಿಸಿದ್ದು ಗುರುತುಗಳನ್ನು ಮಾತ್ರ ಅಲ್ಲ. ಸಿದ್ದಪ್ಪ ಹೊರಗೆ ಬಂದ ಕೂಡಲೇ ಜಾಗ ಬದಲಾಯಿತು, ಲೈಟಿಂಗ್ ಬದಲಾಯಿತು. ಅದಕ್ಕೇ ಹೊಸ ತಲೆಸಾಲು. "ಹಳೆಯ ದಿನಗಳನ್ನು ನೆನೆದು" ಅನ್ನುವುದನ್ನು ಕ್ಯಾಮೆರಾ ಹಿಡಿಯಲಾರದು. ಬೇಸರದಲ್ಲಿರುವವನು ಏನು ಮಾಡುತ್ತಾನೆ ಅಂತ ಬರೆದರೆ ನಟನಿಗೂ ಕೆಲಸ ಸಿಗುತ್ತದೆ. ರಚ್ಚು ನನ್ನ ಕಲ್ಪನೆ. ನಿಮಗೆ ಆ ಮನುಷ್ಯ ನನಗಿಂತ ಚೆನ್ನಾಗಿ ಗೊತ್ತು, ಸರಿಯಾದ ಕೆಲಸ ನೀವೇ ಹುಡುಕಿ.

ಕಟ್ ಟು ತೆಗೆದಿದ್ದೇನೆ. ಹೊಸ ತಲೆಸಾಲು ಬಂದರೆ ಕಟ್ ಆಯಿತು ಅಂತಲೇ ಎಲ್ಲರೂ ಓದುತ್ತಾರೆ, ಎಡಿಟರ್ ಕೂಡ.

ಹಳೇಟೈಪಿಸ್ಟ್ (ಮದ್ದೂರು)

ನನಗೂ ಇದೇ ತೊಂದರೆ. ನುಡಿಯಲ್ಲಿ ಟೈಪ್ ಮಾಡಿಟ್ಟ ಹಳೇ ನಾಟಕ ಇದೆ, ಸಿನಿಮಾ ಸ್ಕ್ರಿಪ್ಟ್ ಮಾಡೋಣ ಅಂತ ಆಪ್‌ಗೆ ಹಾಕಿದೆ. ಕನ್ನಡವೇ ಬರಲಿಲ್ಲ, ಬರೀ ಇಂಗ್ಲಿಷ್ ಅಕ್ಷರ, ಗೀಟು, ಚಿಹ್ನೆ. `@` ಹಾಕಿದರೂ ಹಾಗೇ ಇದೆ.

ಕ್ಲಾಪ್‌ಬೋರ್ಡ್ (ಮೈಸೂರು)

ನಿಮ್ಮದು ಬೇರೆ ಸಮಸ್ಯೆ ಸರ್. ಆ ಫೈಲ್ ಯೂನಿಕೋಡ್‌ನಲ್ಲಿಲ್ಲ. ಹಳೆಯ ನುಡಿ ಫಾಂಟ್ ಇದ್ದ ಕಡೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಮೊದಲು ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಸರಿ ಬಂದಿದೆಯಾ ಅಂತ ಒಂದು ಪುಟ ಓದಿ ನೋಡಿ. ಆಮೇಲೆ ಗುರುತು ಹಾಕುವ ಕೆಲಸ.

ಕಬ್ಬಿನಗದ್ದೆ (ಮಂಡ್ಯ)

ಅಣ್ಣಾ, ತುಂಬಾ ಥ್ಯಾಂಕ್ಸ್. ಎರಡೂ ಕಡೆ ಈಗ ಒಂದೇ ಥರ ಬರುತ್ತಿದೆ. ದೃಶ್ಯಗಳ ಪಟ್ಟಿಯೂ ಬಂತು. ಆದರೆ ಜಾಗಗಳ ಪಟ್ಟಿ ನೋಡಿದರೆ ಆಲೆಮನೆ ಮೂರು ಸಲ ಇದೆ. "ಆಲೆಮನೆ", "ಆಲೆ ಮನೆ", "ಸಿದ್ದಪ್ಪನ ಆಲೆಮನೆ". ಇರುವುದು ಒಂದೇ ಆಲೆಮನೆ. ಓದುವವರಿಗೆ ಅರ್ಥವಾಗುತ್ತದೆ ಅಲ್ವಾ, ಹಾಗೇ ಬಿಡಬಹುದಾ?

ಕ್ಲಾಪ್‌ಬೋರ್ಡ್ (ಮೈಸೂರು)

ಬಿಡಬೇಡಿ. ತಲೆಸಾಲನ್ನು ಕಥೆ ಓದುವವರಿಗಿಂತ ಜಾಸ್ತಿ ಬಳಸುವವರು ನಮ್ಮಂಥವರು. ಶೂಟಿಂಗ್ ಕಥೆಯ ಕ್ರಮದಲ್ಲಿ ನಡೆಯಲ್ಲ. ಆಲೆಮನೆಯ ರಾತ್ರಿ ದೃಶ್ಯಗಳು ಸ್ಕ್ರಿಪ್ಟ್‌ನಲ್ಲಿ ಎಲ್ಲೆಲ್ಲೇ ಇರಲಿ, ಅವನ್ನೆಲ್ಲ ಒಟ್ಟು ಮಾಡಿ ಒಂದೇ ಸಲ ತೆಗೆಯಲು ನೋಡುತ್ತೇವೆ. ಹಾಗೆ ಒಟ್ಟು ಮಾಡುವುದು ಒಳಗೋ ಹೊರಗೋ, ಯಾವ ಜಾಗ, ಹಗಲೋ ರಾತ್ರಿಯೋ, ಈ ಮೂರನ್ನು ನೋಡಿ. ಹೆಸರು ಮೂರು ಥರ ಇದ್ದರೆ ಪಟ್ಟಿಯಲ್ಲಿ ಮೂರು ಜಾಗ ಆಗುತ್ತದೆ. ಒಂದು ದೃಶ್ಯ ಕಣ್ತಪ್ಪಿದರೆ ಅದೊಂದಕ್ಕಾಗಿ ಮತ್ತೆ ಒಲೆ ಹಚ್ಚಬೇಕು.

ನಿಮ್ಮ ಕಥೆಯಲ್ಲಿ ಇನ್ನೊಂದು ವಿಷಯ ಇದೆ. ಕೊಪ್ಪರಿಗೆಯಲ್ಲಿರುವುದು ಯಾರಿಗೂ ಕಾಯಲ್ಲ. ಮೊದಲು ಕಬ್ಬಿನ ಹಾಲು, ಆಮೇಲೆ ಪಾಕ, ಆಮೇಲೆ ಅಚ್ಚಿಗೆ. ಪ್ರತಿ ದೃಶ್ಯದ ವಿವರಣೆಯಲ್ಲಿ ಅದು ಯಾವ ಹಂತದಲ್ಲಿದೆ ಅಂತ ಅರ್ಧ ಸಾಲು ಬರೆಯಿರಿ. ಆಗ ಒಂದೇ ಕುದಿಗೆ ಯಾವ ದೃಶ್ಯ ಮೊದಲು, ಯಾವುದು ಆಮೇಲೆ ಅಂತ ಜೋಡಿಸಬಹುದು. ಅದು ಬರೆದಿಲ್ಲ ಅಂದರೆ ಹಿಂದಿನ ಶಾಟ್‌ನಲ್ಲಿ ಪಾಕ, ಮುಂದಿನ ಶಾಟ್‌ನಲ್ಲಿ ಹಾಲು ಅಂತಾಗಿ ಎಡಿಟಿಂಗ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಸಯ್ಯಾಜಿರಾವ್‌ರಸ್ತೆ (ಮೈಸೂರು)

`@` ವಿಷಯ ನನಗೆ ಹೊಸದು, ಒಳ್ಳೆಯದಾಯಿತು. ಆದರೆ ಕಟ್ ಟು ಪೂರ್ತಿ ಬೇಡ ಅನ್ನುವುದು ಒಪ್ಪಲಾರೆ. ಹಳಬರ ಸ್ಕ್ರಿಪ್ಟ್‌ಗಳಲ್ಲಿ ಪ್ರತಿ ದೃಶ್ಯಕ್ಕೂ ಇರುತ್ತದೆ. ಅದೂ ಅಲ್ಲದೆ ನಮ್ಮ ಕಡೆ ಬಹಳ ಜನ ಪುಟವನ್ನು ಎರಡು ಕಾಲಂ ಮಾಡಿ, ಎಡಕ್ಕೆ ದೃಶ್ಯ, ಬಲಕ್ಕೆ ಮಾತು ಬರೆಯುತ್ತಾರೆ. ಅದನ್ನೇ ಕಲಿತರೆ ಈ ತೊಂದರೆಯೇ ಇಲ್ಲವಲ್ಲ?

ಕ್ಲಾಪ್‌ಬೋರ್ಡ್ (ಮೈಸೂರು)

ಎರಡು ಕಾಲಂ ತಪ್ಪಲ್ಲ. ಸೆಟ್‌ನಲ್ಲಿ ಮಾತು ಕಲಿಸಲು ಅದು ಅನುಕೂಲ ಅಂತ ನನಗೂ ಅನಿಸಿದೆ. ಅದರಲ್ಲಿ ಉದ್ದ ಅಂದಾಜು ಮಾಡುವುದು ಕಷ್ಟ, ಅಷ್ಟೇ. ನಿಮ್ಮ ತಂಡ ಯಾವುದಕ್ಕೆ ಒಗ್ಗಿದೆಯೋ ಅದನ್ನು ಹಿಡಿಯಿರಿ.

ಟ್ರಾನ್ಸಿಷನ್ ಪೂರ್ತಿ ಬೇಡ ಅಂದಿಲ್ಲ. ಎರಡು ದೃಶ್ಯ ಸೇರುವ ರೀತಿಯೇ ಏನನ್ನೋ ಹೇಳುತ್ತಿದ್ದರೆ ಬರೆಯಬೇಕು. ಕೊಪ್ಪರಿಗೆಯ ಹಬೆ ಪರದೆ ತುಂಬಿದೆ, ಅದೇ ಹಬೆ ದೇವರಾಜ ಮಾರ್ಕೆಟ್ ಹತ್ತಿರದ ಟೀ ಅಂಗಡಿಯ ಪಾತ್ರೆಯಿಂದ ಏಳುತ್ತಿದೆ, ಅಲ್ಲಿ ಮಂಜ ಕೆಲಸ ಹುಡುಕುತ್ತಾ ನಿಂತಿದ್ದಾನೆ ಅಂದುಕೊಳ್ಳಿ. ಆಗ ಛಾಯಾಗ್ರಾಹಕರಿಗೆ ಮೊದಲೇ ತಿಳಿಯಬೇಕು. ಎರಡು ಕಡೆಯೂ ಹಬೆಯನ್ನು ಒಂದೇ ಅಳತೆಯಲ್ಲಿ ತೆಗೆಯದಿದ್ದರೆ ಆಮೇಲೆ ಜೋಡಿಸಲು ಆಗಲ್ಲ.

```
ಹಬೆ ಪರದೆ ತುಂಬುತ್ತದೆ.

> ಮ್ಯಾಚ್ ಕಟ್ ಟು:

EXT. ಟೀ ಅಂಗಡಿ - ಹಗಲು
```

ಸಾಲಿನ ಮುಂದಿನ `>` ಗುರುತು ಬೇಕೇ ಬೇಕು. ಇಂಗ್ಲಿಷಿನಲ್ಲಿ `CUT TO:` ಅಂದರೆ ಆಪ್ ತಾನೇ ಗುರುತಿಸುತ್ತದೆ, ಕನ್ನಡದಲ್ಲಿ ಗುರುತಿಸಲ್ಲ.

ಕಬ್ಬಿನಗದ್ದೆ (ಮಂಡ್ಯ)

ಉದ್ದದ ಮಾತು ಬಂತಲ್ಲ, ಅದನ್ನೂ ಕೇಳಿಬಿಡುತ್ತೇನೆ. ಒಂದು ಪುಟಕ್ಕೆ ಒಂದು ನಿಮಿಷ ಅಂತಾರೆ. ನನ್ನದು ಒಂದು ಆಪ್‌ನಲ್ಲಿ 9 ಪುಟ, ಇನ್ನೊಂದರಲ್ಲಿ 12. ಯಾವುದನ್ನು ನಂಬಲಿ?

ಕ್ಲಾಪ್‌ಬೋರ್ಡ್ (ಮೈಸೂರು)

ಎರಡನ್ನೂ ನಂಬಬೇಡಿ. ಆ ಲೆಕ್ಕ ಕೊರಿಯರ್ ಫಾಂಟ್, 12 ಪಾಯಿಂಟ್‌ಗೆ ಹೊಂದಿಕೊಂಡಿದ್ದು. ಅದರಲ್ಲಿ ಪ್ರತಿ ಅಕ್ಷರವೂ ಒಂದೇ ಅಗಲ. ಅಲ್ಲೂ ಅದು ಬರೀ ಅಂದಾಜು. ಕೊರಿಯರ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಆಪ್ ತನಗೆ ಸಿಕ್ಕ ಬೇರೆ ಕನ್ನಡ ಫಾಂಟ್ ಹಾಕಿಕೊಳ್ಳುತ್ತದೆ. ಒತ್ತಕ್ಷರಕ್ಕೆ ಜಾಗ ಬೇಕು ಅಂತ ಸಾಲಿನ ಎತ್ತರವೂ ಬದಲಾಗುತ್ತದೆ.

ಮಾತಿನ ದೃಶ್ಯಗಳನ್ನು ಜೋರಾಗಿ ಓದಿ, ಗಡಿಯಾರ ನೋಡಿ. ಮಾತಿಲ್ಲದ ದೃಶ್ಯಗಳನ್ನು ನೀವೇ ಎದ್ದು ನಟಿಸಿ ಅಳೆಯಿರಿ. ಪಾಕವನ್ನು ಅಚ್ಚಿಗೆ ಹೊಯ್ಯುತ್ತಾರೆ ಅಂತ ಒಂದು ಸಾಲು ಬರೆದಿರುತ್ತೀರಿ, ಪರದೆ ಮೇಲೆ ಅದು ಅರ್ಧ ನಿಮಿಷ ಆಗಬಹುದು. ಎಲ್ಲಾ ಕೂಡಿ ಬಂದದ್ದನ್ನು ನಿಮ್ಮ ಪುಟಗಳಿಗೆ ಹೋಲಿಸಿದರೆ, ನಿಮ್ಮ ಫಾಂಟ್‌ನಲ್ಲಿ ಒಂದು ಪುಟ ಎಷ್ಟು ಸೆಕೆಂಡ್ ಅಂತ ಗೊತ್ತಾಗುತ್ತದೆ. ಆಮೇಲೆ ಫಾಂಟ್ ಬದಲಿಸಬೇಡಿ.

ಬೆಳಕುನೆರಳು (ಶ್ರೀರಂಗಪಟ್ಟಣ)

ಕ್ಯಾಮೆರಾ ಕಡೆಯಿಂದ ಒಂದು ಪ್ರಶ್ನೆ. ನಮ್ಮ ಕಡೆ ಆಲೆಮನೆಗೆ ಮೇಲೆ ಶೀಟು ಇರುತ್ತದೆ, ಸುತ್ತ ಗೋಡೆ ಇರುವುದು ಕಡಿಮೆ. ಹಗಲು ದೃಶ್ಯಕ್ಕೆ `INT.` ಅಂತ ಬರೆದರೆ ನಾನು ಲೈಟ್ ನನ್ನ ಕೈಯಲ್ಲಿದೆ ಅಂದುಕೊಂಡು ಬರುತ್ತೇನೆ. ಅಲ್ಲಿ ನೋಡಿದರೆ ಮೂರು ಕಡೆಯಿಂದ ಬಿಸಿಲು. ನನ್ನ ಪ್ರಕಾರ ಅದು `EXT.` ಆಗಬೇಕು.

ಕ್ಲಾಪ್‌ಬೋರ್ಡ್ (ಮೈಸೂರು)

ನಾನು ಚಾವಣಿ ನೋಡಿ `INT.` ಹಾಕುತ್ತೇನೆ. ಮಳೆ ಬಂದರೂ ಶೂಟ್ ಮಾಡಬಹುದಾ ಅನ್ನುವುದೇ ಶೆಡ್ಯೂಲ್ ಹಾಕುವವನಿಗೆ ಮುಖ್ಯ.

ಬೆಳಕುನೆರಳು (ಶ್ರೀರಂಗಪಟ್ಟಣ)

ಹಾಗಿದ್ದರೆ ಹಗಲಿನ ಮೊದಲ ದೃಶ್ಯದ ವಿವರಣೆಯಲ್ಲಿ "ಗೋಡೆಯಿಲ್ಲದ ಆಲೆಮನೆ" ಅಂತಲಾದರೂ ಬರೆಯಲಿ. ಬೆಳಿಗ್ಗೆಯ ಬಿಸಿಲೋ ಮಧ್ಯಾಹ್ನದ್ದೋ ಅದನ್ನೂ ಹೇಳಲಿ. ಬರೀ ಹಗಲು ಅಂದರೆ ನನಗೆ ಸಾಲದು.

ಕಬ್ಬಿನಗದ್ದೆ (ಮಂಡ್ಯ)

ಹಗಲಿನ ದೃಶ್ಯ ಎರಡೇ ಇವೆ, ಎರಡೂ ಬೆಳಿಗ್ಗೆ ಕಬ್ಬು ಅರೆಯುವಾಗ. ಸದ್ಯಕ್ಕೆ `INT.` ಇಟ್ಟು, ಗೋಡೆಯಿಲ್ಲ ಅಂತ ಬರೆದಿದ್ದೇನೆ. ಜಾಗದ ಹೆಸರು ಎಲ್ಲಾ ಕಡೆ "ಆಲೆಮನೆ" ಮತ್ತು "ಆಲೆಮನೆ ಅಂಗಳ" ಅಂತ ಮಾಡಿದೆ. ಪಾಕದ ಹಂತಗಳನ್ನು ತುಂಬಿಸುವಾಗ ಕೊನೆಯ ದೃಶ್ಯದಲ್ಲಿ ಬೆಲ್ಲ ಅಚ್ಚಿನಲ್ಲಿದೆ, ಅದಕ್ಕೂ ಮುಂಚಿನದರಲ್ಲಿ ಇನ್ನೂ ಹಾಲು ಕುದಿಯುತ್ತಿದೆ ಅಂತ ಕಾಣಿಸಿತು. ನಡುವೆ ಒಂದು ದೃಶ್ಯ ಬೇಕು. ಅದನ್ನು ಬರೆದು ಪೂರ್ತಿ ಫೈಲ್ ಇಲ್ಲೇ ಹಾಕುತ್ತೇನೆ.