ಅಪ್‌ಡೇಟ್: ಟಿವಿ ಸರಿಯಾಯ್ತು, ತಪ್ಪು ಎರಡು ಕಡೆ ಇತ್ತು

ನನ್ನ ಪ್ರಶ್ನೆ: "ಟಿವಿಯಲ್ಲಿ ವೈಫೈ ಕನೆಕ್ಟೆಡ್ ಅಂತ ತೋರಿಸುತ್ತೆ, ಆದರೆ ಯಾವ ಆ್ಯಪ್ ತೆರೆದರೂ ನೆಟ್‌ವರ್ಕ್ ಇಲ್ಲ ಅನ್ನುತ್ತೆ. ಫೋನ್‌ನಲ್ಲಿ ಎಲ್ಲ ಸರಿಯಾಗಿದೆ. ಏನು ಮಾಡಲಿ?"

ನೀವು ಹೇಳಿದಂತೆ ಮೊದಲು ಡಿಎನ್‌ಎಸ್ ನೋಡಿದೆ, ಅಂದರೆ ಸರ್ವರ್‌ಗಳ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೆಟ್ಟಿಂಗ್. ಐಪಿ `192.168.1.7`, ಡಿಎನ್‌ಎಸ್ ಮಾತ್ರ `192.168.0.1`. ಅದು ಹಳೆ ರೂಟರ್‌ನ ವಿಳಾಸ! ಯಾವತ್ತೋ ನಾನೇ ಕೈಯಾರೆ ಹಾಕಿ ಮರೆತಿದ್ದೆ. ಹೊಸ ರೂಟರ್ `192.168.1.1`. ಹಾಗಾಗಿ ವೈಫೈ ಸಿಕ್ಕರೂ ಟಿವಿಗೆ ಒಂದು ಹೆಸರಿನ ವಿಳಾಸವೂ ಸಿಗುತ್ತಿರಲಿಲ್ಲ.

ಡಿಎನ್‌ಎಸ್ ಆಟೋಮ್ಯಾಟಿಕ್‌ಗೆ ಹಾಕಿದೆ. ಆದರೂ ಆ್ಯಪ್‌ಗಳದ್ದು ಅದೇ ಹಾಡು. ಆಮೇಲೆ ಗಡಿಯಾರ ನೋಡಿದರೆ 2018ರ ಜನವರಿ 1! ಕರೆಂಟ್ ಹೋಗಿ ಬಂದಾಗ ಟೈಮ್ ಅಳಿಸಿಹೋಗಿತ್ತು. ಟೈಮ್ ಕೊಡುವ ಸರ್ವರ್ ಹುಡುಕಲೂ ಡಿಎನ್‌ಎಸ್ ಬೇಕಲ್ವಾ, ಅದಕ್ಕೇ ಸರಿಹೋಗಿರಲಿಲ್ಲ. ಸರ್ವರ್ ಅಸಲಿ ಅಂತ ತೋರಿಸುವ ಈಗಿನ ಸರ್ಟಿಫಿಕೇಟ್‌ಗಳು 2018ರಲ್ಲಿ ಕೂತ ಟಿವಿಗೆ 'ಇನ್ನೂ ಚಾಲ್ತಿಗೆ ಬಂದಿಲ್ಲ'. ಆ್ಯಪ್ ಅದನ್ನು ಹೇಳದೆ ಸುಮ್ನೆ ನೆಟ್‌ವರ್ಕ್ ಇಲ್ಲ ಅನ್ನುತ್ತಿತ್ತು.

ಪ್ಲಗ್ ಕಿತ್ತು ಎರಡು ನಿಮಿಷ ಬಿಟ್ಟು ಹಾಕಿದೆ. ಟೈಮ್ ತಾನೇ ಸರಿಹೋಯ್ತು, ಆ್ಯಪ್‌ಗಳೆಲ್ಲ ತೆರೆದವು. ಫ್ಯಾಕ್ಟರಿ ರೀಸೆಟ್ ಬೇಡ ಅಂದವರಿಗೆ ಥ್ಯಾಂಕ್ಸ್. ಅಮ್ಮ ಆಗಲೇ ಧಾರಾವಾಹಿ ಹಾಕಿ ಕೂತಿದ್ದಾರೆ.