ಗಣಿತ ಪರೀಕ್ಷೆಗೆ ಎರಡೇ ದಿನ: ಏನನ್ನು ಬಿಡಲಿ?

ಓದುಗರ ಸ್ಪಂದನ

ಸಮಸ್ಯೆ: ನಾನು ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿ. ಗಣಿತಕ್ಕೆ ಇನ್ನು ಎರಡು ದಿನ ಉಳಿದಿದೆ. ತ್ರಿಕೋನಮಿತಿಯ ಅನ್ವಯಗಳು, ಮೇಲ್ಮೈ ವಿಸ್ತೀರ್ಣ ಮತ್ತು ಘನಫಲ ಈ ಎರಡು ಪಾಠಗಳನ್ನು ಸರಿಯಾಗಿ ಓದಿಲ್ಲ. ಸಂಖ್ಯಾಶಾಸ್ತ್ರ, ಪ್ರಮೇಯಗಳು ಅರ್ಧ ನೆನಪಿವೆ. ಯಾವುದನ್ನು ಬಿಡಲಿ, ಯಾವುದನ್ನು ಮತ್ತೆ ನೋಡಲಿ?

ಮಗಳೇ, ಅರ್ಧ ನೆನಪಿರುವುದರಿಂದ ಆರಂಭಿಸು. ಓದದೇ ಉಳಿದ ಪಾಠಗಳು ಮನಸ್ಸನ್ನು ಕೊರೆಯುವುದು ಸಹಜ. ಆದರೆ ಅಂಥ ಒಂದು ಪಾಠವನ್ನು ಮೊದಲಿನಿಂದ ಕಲಿಯಲು ಒಂದು ದಿನವೇ ಹೋಗುತ್ತದೆ. ಅರ್ಧ ಗೊತ್ತಿರುವ ಪಾಠ ಎರಡು ಗಂಟೆಯಲ್ಲಿ ಕೈಗೆ ಬರುತ್ತದೆ. ಮೊದಲ ದಿನ ಬೆಳಿಗ್ಗೆ ಪುಸ್ತಕ ಮುಚ್ಚಿ, ಪ್ರತಿ ಪಾಠದಿಂದ ಒಂದೊಂದು ಲೆಕ್ಕವನ್ನು ಹಾಳೆಯ ಮೇಲೆ ಮಾಡಿ ನೋಡು. ಕೊನೆಯವರೆಗೆ ಸಾಗಿದ ಪಾಠವನ್ನು ಮತ್ತೆ ಮುಟ್ಟಬೇಡ. ನಡುವೆ ಎಲ್ಲಿ ನಿಂತೆಯೋ ಅಲ್ಲೇ ನಿನ್ನ ಎರಡು ದಿನದ ಕೆಲಸವಿದೆ. ಓದಿ ನೋಡಿದರೆ ಎಲ್ಲವೂ ಬರುವಂತೆಯೇ ಕಾಣುತ್ತದೆ, ಆದ್ದರಿಂದ ಬರೆದೇ ನೋಡಬೇಕು.

ಮಧ್ಯಾಂಕವನ್ನೇ ತೆಗೆದುಕೋ. ವರ್ಗಾಂತರ 0–10, 10–20, 20–30, 30–40; ಆವೃತ್ತಿ 5, 8, 10, 7. ಒಟ್ಟು 30, ಅದರ ಅರ್ಧ 15. ಸಂಚಿತ ಆವೃತ್ತಿಗಳು 5, 13, 23, 30. ಹದಿನೈದು ಬರುವುದು 20–30ರಲ್ಲಿ. ಇಲ್ಲಿಯವರೆಗೆ ಎಲ್ಲರೂ ಸರಿಯಾಗಿಯೇ ಬರುತ್ತಾರೆ. ಆಮೇಲೆ ಸೂತ್ರದಲ್ಲಿ ಹಿಂದಿನ ವರ್ಗದ 13ನ್ನು ಹಾಕುವ ಬದಲು ಅದೇ ಸಾಲಿನ 23ನ್ನು ಹಾಕಿಬಿಡುತ್ತಾರೆ. ಸರಿಯಾಗಿ ಮಾಡಿದರೆ

20 + ((15 − 13) ÷ 10) × 10 = 22

23 ಹಾಕಿದರೆ ಉತ್ತರ 12 ಬರುತ್ತದೆ. ಹನ್ನೆರಡು 20–30ರ ಒಳಗೆ ಇಲ್ಲವೇ ಇಲ್ಲ! ಉತ್ತರ ಮಧ್ಯಾಂಕದ ವರ್ಗದ ಒಳಗೇ ಇದೆಯೇ ಎಂದು ನೋಡಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ನಿನ್ನ ಅರ್ಧ ನೆನಪಿನಲ್ಲಿ ಇರುವುದು ಇಂಥ ಒಂದೊಂದು ಎಡವಟ್ಟೇ. ಅದನ್ನು ಸರಿಪಡಿಸಿದರೆ ಮೂರು ಅಂಕದ ಪ್ರಶ್ನೆ ಪೂರ್ತಿ ನಿನ್ನದು.

ಘನಫಲದ ಪಾಠದಲ್ಲಿ ಶಂಕುವಿನ ಮೇಲೆ ಅರ್ಧಗೋಳ ಕೂರಿಸಿದಂಥ ಜೋಡಣೆಯ ಉದ್ದ ಲೆಕ್ಕಗಳನ್ನು ಬಿಡು. ಸಿಲಿಂಡರ್, ಶಂಕು, ಗೋಳ, ಅರ್ಧಗೋಳಗಳ ಸೂತ್ರಗಳನ್ನು ಮಾತ್ರ ಬಿಡಬೇಡ. ಈಚಿನ ವರ್ಷಗಳ 80 ಅಂಕದ ಪತ್ರಿಕೆಯಲ್ಲಿ ಒಂದು ಅಂಕದ ಪ್ರಶ್ನೆಗಳೇ 16 ಇದ್ದವು. ಸೂತ್ರ ಗೊತ್ತಿದ್ದರೆ ಅವುಗಳಲ್ಲಿ ಈ ಪಾಠದ್ದು ಕೈತಪ್ಪುವುದಿಲ್ಲ. ಈ ವರ್ಷದ ಮಾದರಿ ಪತ್ರಿಕೆಯನ್ನು ಒಮ್ಮೆ ಎದುರಿಗಿಟ್ಟುಕೊಂಡು ಅಂಕಗಳ ಹಂಚಿಕೆ ನೋಡಿಕೊಂಡೇ ತೀರ್ಮಾನಿಸು.

— ನಿವೃತ್ತ ಗಣಿತ ಶಿಕ್ಷಕ, ಸಾಗರ

ತಂಗಿ, ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ತ್ರಿಕೋನಮಿತಿಯ ಅನ್ವಯಗಳನ್ನು ಪೂರ್ತಿ ಬಿಡಬೇಡ. ನಾನು ಬಿಟ್ಟಿದ್ದೆ. ಪತ್ರಿಕೆಯಲ್ಲಿ ಬಂದದ್ದು ಒಂದೇ ತ್ರಿಭುಜದ ಸರಳ ಲೆಕ್ಕ. ಗೋಪುರದ ಬುಡದಿಂದ 20 ಮೀಟರ್ ದೂರ, ಉನ್ನತ ಕೋನ 60° ಎಂದಿದ್ದರೆ tan 60° = ಎತ್ತರ ÷ 20, ಎತ್ತರ 20√3 ಮೀಟರ್. ಇಷ್ಟಕ್ಕೆ ಬೇಕಿರುವುದು 0°, 30°, 45°, 60°, 90°ಗಳ ಕೋಷ್ಟಕ ಮತ್ತು ಒಂದು ಸರಿಯಾದ ಚಿತ್ರ. ಕೋಷ್ಟಕವನ್ನು ನೀನು ಹಿಂದಿನ ಪಾಠದಲ್ಲೇ ಕಲಿತಿದ್ದೀಯ. ಎರಡನೇ ದಿನ ಮಧ್ಯಾಹ್ನ ಒಂದು ಗಂಟೆ ಇಟ್ಟುಕೊಂಡು ಇಂಥ ನಾಲ್ಕು ಲೆಕ್ಕ ಮಾಡು. ಎರಡು ಕೋನ, ಎರಡು ತ್ರಿಭುಜ ಬರುವ ಲೆಕ್ಕ ಕಂಡರೆ ಪುಟ ತಿರುಗಿಸು. ನಾನು ಆ ದಿನ ಅವುಗಳನ್ನು ನೋಡಿಯೇ ಹೆದರಿ ಇಡೀ ಪಾಠವನ್ನು ಮುಚ್ಚಿಟ್ಟಿದ್ದೆ.

— ಪಿಯು ವಿದ್ಯಾರ್ಥಿನಿ, ಧಾರವಾಡ

ಪ್ರಮೇಯಗಳ ಬಗ್ಗೆ ಮಾತ್ರ ಬರೆಯುತ್ತೇನೆ. ಉತ್ತರ ಪತ್ರಿಕೆಗಳನ್ನು ತಿದ್ದುವಾಗ ಕಂಡದ್ದು ಇದು: ಥೇಲ್ಸನ ಪ್ರಮೇಯವನ್ನು ಬಾಯಿಪಾಠ ಮಾಡಿದ ಮಕ್ಕಳು ವಿಸ್ತೀರ್ಣಗಳ ಅನುಪಾತದವರೆಗೆ ಸರಾಗವಾಗಿ ಬಂದು, ಎರಡು ತ್ರಿಭುಜಗಳ ವಿಸ್ತೀರ್ಣ ಸಮ ಎಂದು ಬರೆದು ಕಾರಣ ಬಿಟ್ಟುಬಿಡುತ್ತಾರೆ. ಅವೆರಡೂ DE ಎಂಬ ಒಂದೇ ಪಾದದ ಮೇಲೆ, DE ಮತ್ತು BC ಎಂಬ ಸಮಾಂತರ ರೇಖೆಗಳ ನಡುವೆ ಇವೆ. ಸಾಧನೆ ನಿಂತಿರುವುದೇ ಆ ಸಾಲಿನ ಮೇಲೆ. ಎರಡನೇ ದಿನ ಸಂಜೆ ಪುಸ್ತಕ ನೋಡದೆ ಒಮ್ಮೆ ಬರೆ. ಚಿತ್ರ, ದತ್ತ, ಸಾಧನೀಯ, ರಚನೆ ಇವುಗಳಿಗೂ ಅಂಕ ಹಂಚಿರುತ್ತದೆ, ಆದ್ದರಿಂದ ಸಾಧನೆ ಮರೆತರೂ ಜಾಗ ಖಾಲಿ ಬಿಡಬೇಡ. ಬರೆದದ್ದನ್ನು ಪುಸ್ತಕದೊಂದಿಗೆ ಹೋಲಿಸಿ, ಬಿಟ್ಟುಹೋದ ಸಾಲನ್ನಷ್ಟೇ ಒಂದು ಚೀಟಿಯಲ್ಲಿ ಬರೆದಿಟ್ಟುಕೋ. ಪರೀಕ್ಷೆಯ ಬೆಳಿಗ್ಗೆ ಆ ಚೀಟಿ ಮತ್ತು ಸೂತ್ರಗಳ ಹಾಳೆ ಎರಡನ್ನು ಬಿಟ್ಟು ಬೇರೇನನ್ನೂ ತೆರೆಯಬೇಡ.

— ಪ್ರೌಢಶಾಲಾ ಶಿಕ್ಷಕಿ, ತುಮಕೂರು