ಸಹಾಯ ಬೇಕು: "ನಿಮ್ಮನ್ನೇ ಯಾಕೆ ತೆಗೆದುಕೊಳ್ಳಬೇಕು?" ಅಂದರೆ ಹೀಗೆ ಹೇಳಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದವಳು, ಬಿ.ಕಾಂ. ಆಗಿದೆ. ಸೋಮವಾರ ಅಡಿಕೆ ಖರೀದಿ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಇಂಟರ್‌ವ್ಯೂ ಇದೆ.

ಹೋದ ಸಲ ಬೇರೆ ಕಡೆ ಈ ಪ್ರಶ್ನೆಗೇ ಎಡವಿದೆ. "ಕಷ್ಟಪಟ್ಟು ದುಡಿಯುತ್ತೇನೆ, ಬೇಗ ಕಲಿಯುತ್ತೇನೆ" ಅಂದೆ. "ಎಲ್ಲರೂ ಅದನ್ನೇ ಹೇಳುತ್ತಾರಲ್ವಾ" ಅಂದರು. ಮುಂದೆ ಮಾತೇ ಬರಲಿಲ್ಲ.

ಈ ಸಲ ಜಾಹೀರಾತನ್ನೇ ಹಿಡಿದು ಕೂತೆ. ಅವರಿಗೆ ಮುಖ್ಯವಾಗಿ ಬೇಕಿರುವುದು ಎರಡು: ಸಂಜೆಗೆ ತೂಕದ ಚೀಟಿ, ಬಿಲ್ಲು, ನಗದು ಮೂರೂ ತಾಳೆಯಾಗಬೇಕು. ರೈತರ ಹತ್ತಿರ ಅವರವರ ಭಾಷೆಯಲ್ಲಿ ಮಾತಾಡಬೇಕು. ಟ್ಯಾಲಿ ಬರುತ್ತದೆ ಅಂತ ಬಯೋಡೇಟಾದಲ್ಲೇ ಇದೆ, ಅದನ್ನು ಮತ್ತೆ ಹೇಳುವುದಿಲ್ಲ. ಹೀಗೆ ಬರೆದುಕೊಂಡಿದ್ದೇನೆ:

"ಸರ್, ಸಂಜೆ ಲೆಕ್ಕ ತಾಳೆಯಾಗುವುದು ನಿಮಗೆ ಮುಖ್ಯ ಅಂತ ತಿಳಿದಿದ್ದೇನೆ. ಮಾವನ ದಿನಸಿ ಅಂಗಡಿಯಲ್ಲಿ 2 ವರ್ಷ ನಾನೇ ದಿನದ ಲೆಕ್ಕ ಮುಗಿಸುತ್ತಿದ್ದೆ. ವ್ಯತ್ಯಾಸ ಬಂದರೆ ಅದೇ ರಾತ್ರಿ ಬಿಲ್ಲು ಒಂದೊಂದಾಗಿ ನೋಡಿ ಹುಡುಕುತ್ತಿದ್ದೆ. ಕನ್ನಡ, ತುಳು, ಮಲಯಾಳ ಮೂರೂ ಮಾತಾಡುತ್ತೇನೆ. ನಮ್ಮದೂ ಅಡಿಕೆ ತೋಟ, ಹೊಸ ಅಡಿಕೆ, ಹಳೆ ಅಡಿಕೆ, ಪಟೋರ ನೋಡಿದರೆ ಗೊತ್ತಾಗುತ್ತದೆ. ಮೊದಲ ವಾರದಿಂದಲೇ ಕೌಂಟರ್ ನೋಡಿಕೊಳ್ಳಬಲ್ಲೆ."

ಗಡಿಯಾರ ಇಟ್ಟು ಹೇಳಿದರೆ ಒಂದು ನಿಮಿಷದೊಳಗೆ ಮುಗಿಯುತ್ತದೆ. ಕೊನೆಯ ವಾಕ್ಯದ ನಂತರ ಸುಮ್ಮನಾಗಬೇಕು ಅಂತಿದ್ದೇನೆ. "ಅವಕಾಶ ಕೊಡಿ ಸರ್" ಅಂತ ಸೇರಿಸಿದರೆ ಬೇಡಿಕೊಂಡ ಹಾಗಾಗುತ್ತದೆ, ಅಲ್ವಾ?

ಅಂಗಡಿ, ಸೊಸೈಟಿಗಳಲ್ಲಿ ಜನ ತೆಗೆದುಕೊಂಡು ಅನುಭವ ಇರುವವರು ಹೇಳಿ: ಮೊದಲ ವಾರದ ಮಾತು ಜಾಸ್ತಿ ಆಯಿತಾ? ತೋಟದ ವಿಷಯ ಇರಲಾ, ತೆಗೆಯಲಾ?